ಇಳಿಯುವಾಗ ತಿರುಗಿಬೀಳುವ ಗಾಳಿ

ಪ್ರಶ್ನೆ: ಬಳ್ಳಾರಿ ಕಡೆ ಮೇ ತಿಂಗಳ ಸಂಜೆ ಮಳೆ ಬೀಳದಿದ್ದರೂ, ಗುಡುಗು ಮೋಡ ಕಂಡರೆ ವಿಮಾನ ಇಳಿಸಲು ಏಕೆ ಹಿಂಜರಿಯುತ್ತಾರೆ?

ಉತ್ತರ: ಒಣ ಹವೆಯಲ್ಲಿ ಮಳೆಹನಿ ನೆಲ ಮುಟ್ಟುವ ಮೊದಲೇ ಆವಿಯಾಗಬಹುದು. ಆಗ ತಣ್ಣಗಾಗಿ ಭಾರವಾದ ಗಾಳಿ ಕೆಳಗೆ ಧುಮುಕಿ, ನೆಲಕ್ಕೆ ಬಡಿದು ಸುತ್ತಲೂ ಚಿಮ್ಮುತ್ತದೆ. ಇದೇ ಮೈಕ್ರೊಬರ್ಸ್ಟ್.

ಅದರೊಳಗೆ ನುಗ್ಗಿದ ವಿಮಾನಕ್ಕೆ ಮೊದಲು ಸಿಗುವುದು ಎದುರುಗಾಳಿ. ಸುತ್ತಲ ಗಾಳಿಗೆ ಹೋಲಿಸಿ ವೇಗ ತೋರಿಸುವ ವೇಗಮಾಪಕ ಏರುತ್ತದೆ, ಪೈಲಟ್‌ಗೆ ಎಂಜಿನ್ ಶಕ್ತಿ ತಗ್ಗಿಸುವ ಮನಸ್ಸಾಗುತ್ತದೆ, ಮೋಸವಿರುವುದು ಅಲ್ಲೇ. ಕೆಲವೇ ಕ್ಷಣಗಳಲ್ಲಿ ಅದು ಹಿಂಗಾಳಿಯಾಗುತ್ತದೆ. ಗಾಳಿಯ ಈ ಹಠಾತ್ ಬದಲಾವಣೆಯೇ ವಿಂಡ್ ಶಿಯರ್. ಗಂಟೆಗೆ 40 ಕಿ.ಮೀ. ಎದುರುಗಾಳಿ ಅಷ್ಟೇ ಹಿಂಗಾಳಿಯಾದರೆ, 250 ತೋರಿಸುತ್ತಿದ್ದ ಮಾಪಕ 170ಕ್ಕೆ ಕುಸಿಯುತ್ತದೆ. ರೆಕ್ಕೆಯ ಎತ್ತುವ ಬಲ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ತಗ್ಗಿಸಿದ ಎಂಜಿನ್ ಮತ್ತೆ ಪೂರ್ಣ ಶಕ್ತಿಗೇರಲು ಕೆಲವು ಸೆಕೆಂಡು ಬೇಕು. ಏರುವಾಗಲಂತೂ ಎಂಜಿನ್ ಆಗಲೇ ಹೆಚ್ಚು ಶಕ್ತಿಯಲ್ಲಿರುವುದರಿಂದ ಮಿಗತೆಯೇ ಕಡಿಮೆ. ಮೋಡದಡಿ ಧೂಳು ಉಂಗುರದಂತೆ ಹರಡಿದರೆ ಕಾಯುವುದೇ ಸರಿ.