ಮಗನ ಆಸ್ತಿಯಲ್ಲಿ ತಾಯಿಗೆ ಎಷ್ಟು ಪಾಲು? ಸೊಸೆಗಿಂತ ಕಡಿಮೆಯಾ?

ಪ್ರಶ್ನೆ: ನನ್ನ ಮಗ ಕಳೆದ ವರ್ಷ ಹೃದಯಾಘಾತದಿಂದ ಹೋಗಿಬಿಟ್ಟ. ವಿಲ್ ಬರೆದಿರಲಿಲ್ಲ. ಅವನು ದುಡಿದು ಕಟ್ಟಿಸಿದ ಮನೆ ಇದೆ, ಅದರ ಮೇಲೆ ಸಾಲವೂ ಇದೆ. ಬ್ಯಾಂಕಿನಲ್ಲಿ ಠೇವಣಿ, ಊರಲ್ಲಿ ಭಾಗಕ್ಕೆ ಬಂದ ಜಮೀನು ಇದೆ. ಸೊಸೆ ಮತ್ತು ಇಬ್ಬರು ಸಣ್ಣ ಮಕ್ಕಳಿದ್ದಾರೆ. ನಾನೂ ನಮ್ಮ ಯಜಮಾನರೂ ಇದ್ದೇವೆ, ಮಗಳು ಮದುವೆಯಾಗಿ ಬೇರೆ ಊರಲ್ಲಿದ್ದಾಳೆ. ಮನೆಯ ಖಾತೆ ಈಗಾಗಲೇ ಸೊಸೆ ಮತ್ತು ಮಕ್ಕಳ ಹೆಸರಿಗೆ ಆಗಿದೆ. ಗಂಡನ ಆಸ್ತಿ ಹೆಂಡತಿ ಮಕ್ಕಳಿಗೇ, ಅತ್ತೆಗೆ ಏನೂ ಬರಲ್ಲ ಅಂತಾರೆ. ನಿಜವೇ? ಮಗನ ಒಂದು ವಿಮೆಗೆ ನಾನೇ ನಾಮಿನಿ, ಆ ದುಡ್ಡು ನನ್ನದೇ ಅಲ್ವಾ?

ಉತ್ತರ: ನಿಜ ಅಲ್ಲ ಅಮ್ಮಾ. ನಿಮಗೆ ಪಾಲಿದೆ, ಅದೂ ಸೊಸೆಯ ಪಾಲಿಗೆ ಸರಿಸಮನಾದ ಪಾಲು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಬರೆಯದೆ ತೀರಿಕೊಂಡ ಗಂಡಸಿನ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಮೊದಲ ದರ್ಜೆಯ ವಾರಸುದಾರರು. ಒಬ್ಬರಿದ್ದಾರೆ ಅಂತ ಇನ್ನೊಬ್ಬರು ಹಿಂದೆ ಸರಿಯಬೇಕಿಲ್ಲ, ಎಲ್ಲರಿಗೂ ಒಟ್ಟಿಗೇ ಹಕ್ಕು ಬರುತ್ತದೆ. ಹೆಂಡತಿಗೆ ಒಂದು ಪಾಲು, ತಾಯಿಗೆ ಒಂದು ಪಾಲು, ಪ್ರತಿ ಮಗ ಮತ್ತು ಮಗಳಿಗೆ ಒಂದೊಂದು ಪಾಲು. ಲೆಕ್ಕ ಇಷ್ಟೇ.

ಆದರೆ ನಿಮ್ಮ ಯಜಮಾನರಿಗೆ ಇದರಲ್ಲಿ ಪಾಲಿಲ್ಲ. ತಂದೆ ಎರಡನೇ ದರ್ಜೆಯ ವಾರಸುದಾರ. ಮೊದಲ ದರ್ಜೆಯವರು ಒಬ್ಬರಿದ್ದರೂ ಅವರ ಸರದಿ ಬರುವುದಿಲ್ಲ. ಇದನ್ನು ಕೇಳಿ ಎಷ್ಟೋ ತಂದೆಯರಿಗೆ ಬೇಸರವಾಗುತ್ತದೆ, ಆದರೆ ಇವತ್ತಿನ ಕಾನೂನು ಹೀಗೇ ಇದೆ. ನಿಮ್ಮ ಮಗಳಿಗೂ ಅಣ್ಣನ ಆಸ್ತಿಯಲ್ಲಿ ನೇರವಾಗಿ ಏನೂ ಬರುವುದಿಲ್ಲ.

ಹಾಗಾಗಿ ನಿಮ್ಮ ಮನೆಯಲ್ಲಿ ನಾಲ್ಕು ಪಾಲು: ನೀವು, ಸೊಸೆ, ಇಬ್ಬರು ಮೊಮ್ಮಕ್ಕಳು. ಮನೆಯ ಬೆಲೆ 60 ಲಕ್ಷ, ಬಾಕಿ ಸಾಲ 20 ಲಕ್ಷ ಅಂತಿಟ್ಟುಕೊಳ್ಳೋಣ. ಸಾಲಕ್ಕೆ ವಿಮೆ ಮಾಡಿಸಿದ್ದರೆ ಅದರಿಂದ ತೀರಬಹುದು, ಬ್ಯಾಂಕಿನಲ್ಲಿ ಮೊದಲು ಅದನ್ನು ವಿಚಾರಿಸಿ. ವಿಮೆ ಇಲ್ಲದಿದ್ದರೆ ಸಾಲ ಕಳೆದು ಉಳಿಯುವ 40 ಲಕ್ಷದಲ್ಲಿ ನಿಮ್ಮದು 10 ಲಕ್ಷ, ಸೊಸೆಯದೂ 10 ಲಕ್ಷ, ಮಕ್ಕಳದು ತಲಾ 10 ಲಕ್ಷ. ಸೊಸೆಯ ಕಡೆಗೆ ಮುಕ್ಕಾಲು ಭಾಗ ಹೋದ ಹಾಗೆ ಕಾಣುತ್ತದೆ, ಆದರೆ ಅದರಲ್ಲಿ ಅವಳ ಸ್ವಂತದ್ದು ಕಾಲು ಭಾಗ ಮಾತ್ರ, ಉಳಿದದ್ದು ಮಕ್ಕಳದು. ಒಂದೇ ಮಗು ಇದ್ದಿದ್ದರೆ ನಿಮಗೆ ಮೂರರಲ್ಲಿ ಒಂದು ಪಾಲು ಬರುತ್ತಿತ್ತು. ಮಕ್ಕಳೇ ಇಲ್ಲದಿದ್ದರೆ ಅತ್ತೆ ಸೊಸೆಗೆ ಅರ್ಧರ್ಧ. ಮಕ್ಕಳು ಎಷ್ಟೇ ಇರಲಿ, ನಿಮ್ಮಿಬ್ಬರ ಪಾಲು ಒಂದೇ ಸಮ. ಮುಂದೆ ಸೊಸೆ ಮರುಮದುವೆ ಮಾಡಿಕೊಂಡರೂ ಅವಳಿಗೆ ಈಗ ಬಂದಿರುವ ಪಾಲು ವಾಪಸ್ ಹೋಗುವುದಿಲ್ಲ. ಆ ಆಸೆಯಲ್ಲಿ ಕಾಯಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ.

ಈ ಲೆಕ್ಕಕ್ಕೆ ಮುಂಚೆ ಮನೆಯ ಕ್ರಯಪತ್ರವನ್ನು ಒಮ್ಮೆ ತೆಗೆದು ನೋಡಿ. ಸಾಲ ಮಾಡಿ ಮನೆ ಮಾಡುವಾಗ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ನೋಂದಣಿ ಮಾಡಿಸುವುದು ಈಗ ಜಾಸ್ತಿ. ಹಾಗಿದ್ದರೆ ಸಾಮಾನ್ಯವಾಗಿ ಅರ್ಧ ಮನೆ ಸೊಸೆಯದೇ. ಮಗನ ಅರ್ಧ ಮಾತ್ರ ನಾಲ್ಕು ಪಾಲಾಗುತ್ತದೆ, ನಿಮಗೆ ಇಡೀ ಮನೆಯ ಎಂಟನೇ ಒಂದು ಭಾಗ ಬರುತ್ತದೆ.

ಜಮೀನಿನ ವಿಷಯ ಸ್ವಲ್ಪ ಬೇರೆ. ಅದು ಹಿರಿಯರಿಂದ ಬಂದು ನಿಮ್ಮ ಮಗನ ಭಾಗಕ್ಕೆ ಬಿದ್ದಿದ್ದರೆ, ಅದರಲ್ಲಿ ಮೊಮ್ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿರುತ್ತದೆ, ಗಂಡಾಗಲಿ ಹೆಣ್ಣಾಗಲಿ. ಮಗ ಸಾಯುವ ಹಿಂದಿನ ಕ್ಷಣ ಆ ಜಮೀನು ಭಾಗವಾಗಿದ್ದರೆ ಅವನಿಗೆ ಎಷ್ಟು ಬರುತ್ತಿತ್ತು ಅಂತ ಕಾನೂನು ಮೊದಲು ನೋಡುತ್ತದೆ. ಹಾಗೆ ಅವನಿಗೆ ಬರುತ್ತಿದ್ದುದನ್ನು ಮಾತ್ರ ನಿಮ್ಮ ನಾಲ್ವರಲ್ಲಿ ಹಂಚುತ್ತದೆ. ಅವನ ಪಾಲಿಗೆ ಒಂದು ಎಕರೆ ಬಂದರೆ ನಿಮ್ಮದು 10 ಗುಂಟೆ. ಅಂದರೆ ಜಮೀನಿನಲ್ಲಿ ಮನೆಗಿಂತ ಕಡಿಮೆ ಅಂಶ ಸಿಗುತ್ತದೆ ಅಂತ ಮನಸ್ಸಿನಲ್ಲಿಟ್ಟುಕೊಳ್ಳಿ. ಎಷ್ಟು ಕಡಿಮೆ ಅನ್ನುವುದು ಹಳೆಯ ವಿಭಾಗ ಪತ್ರ ಮತ್ತು ಪಹಣಿ ಕೈಯಲ್ಲಿ ಹಿಡಿದು ನೋಡಿದ ಮೇಲೇ ಹೇಳಬೇಕಾದ ಮಾತು.

ಈಗ ಖಾತೆಯ ವಿಷಯ. ಇಂಥ ಎಷ್ಟೋ ಪ್ರಕರಣಗಳಲ್ಲಿ ತಾಯಿ ಬಿಟ್ಟುಹೋಗುವುದು ವಂಶವೃಕ್ಷದ ಕಾಗದದಲ್ಲಿ. ತೀರಿಕೊಂಡವನ ಹೆಸರನ್ನು ಮೇಲೆ ಬರೆದು ಕೆಳಗೆ ಗೆರೆ ಎಳೆದು ಹೆಂಡತಿ, ಮಗ, ಮಗಳು ಅಂತ ಬರೆಯುತ್ತಾರೆ. ತಾಯಿ ಇರಬೇಕಾದದ್ದು ಅವನ ಹೆಸರಿನ ಮೇಲೆ. ಅಲ್ಲಿಂದ ಶುರುವೇ ಮಾಡದಿದ್ದರೆ ತಾಯಿಯ ಹೆಸರು ಕಾಗದದಲ್ಲಿ ಬರುವುದೇ ಇಲ್ಲ. ಬೇಕಂತಲೇ ಬಿಟ್ಟವರೂ ಇದ್ದಾರೆ, ಗೊತ್ತಿಲ್ಲದೆ ಬಿಟ್ಟವರೂ ಇದ್ದಾರೆ. ಸೊಸೆಯ ಮೇಲೆ ಮೋಸದ ಆರೋಪ ಹೊರಿಸುವ ಮೊದಲು ಆ ಕಾಗದದ ನಕಲು ತರಿಸಿ ನೋಡಿ.

ಹೇಗೇ ಆಗಿರಲಿ, ಖಾತೆ ಬದಲಾದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಖಾತೆ ಇರುವುದು ತೆರಿಗೆ ಕಟ್ಟುವುದಕ್ಕೆ, ಅದೇ ಮಾಲೀಕತ್ವ ಅಲ್ಲ. ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ. ಆದರೂ ಸುಮ್ನೆ ಕೂರಬೇಡಿ. ಖಾತೆ ನೋಡಿ ಯಾರೋ ಮನೆ ಕೊಳ್ಳಲು ಮುಂದೆ ಬಂದರೆ ತಾಪತ್ರಯ ದೊಡ್ಡದಾಗುತ್ತದೆ. ಮನೆ ಯಾವ ಪಂಚಾಯಿತಿ ಅಥವಾ ನಗರಸಭೆಗೆ ಸೇರಿದೆಯೋ ಅಲ್ಲಿ ಮಗನ ಮರಣ ಪ್ರಮಾಣಪತ್ರ ಮತ್ತು ನೀವು ತಾಯಿ ಅಂತ ತೋರಿಸುವ ದಾಖಲೆ ಇಟ್ಟು ಲಿಖಿತವಾಗಿ ತಕರಾರು ಕೊಡಿ, ಸ್ವೀಕೃತಿ ಪಡೆಯಿರಿ. ದಾಖಲೆ ಅಂದರೆ ಅವನ ಶಾಲೆಯ ಟಿ.ಸಿ., ಹಳೇ ರೇಷನ್ ಕಾರ್ಡ್ ಇಂಥವು. ಜಮೀನಿನ ಪೌತಿ ಖಾತೆ ಇನ್ನೂ ಆಗಿಲ್ಲದಿದ್ದರೆ ನಾಡಕಚೇರಿಯಲ್ಲಿ ಈಗಲೇ ತಕರಾರು ಅರ್ಜಿ ಕೊಡಿ. ಆಗಿಬಿಟ್ಟಿದ್ದರೆ ಉಪವಿಭಾಗಾಧಿಕಾರಿಯವರ ಬಳಿ ಮೇಲ್ಮನವಿ ಹಾಕಬೇಕು, ಅದಕ್ಕೆ ಗಡುವು ಇರುವುದರಿಂದ ತಡಮಾಡಬೇಡಿ.

ಇನ್ನು ದುಡ್ಡು. ನಾಮಿನಿ ಅಂದರೆ ಮಾಲೀಕ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಠೇವಣಿಗೆ ಸೊಸೆ ನಾಮಿನಿಯಾಗಿದ್ದರೆ ಬ್ಯಾಂಕು ಅವಳಿಗೇ ಹಣ ಕೊಡುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಅವಳು ಅದನ್ನು ಎಲ್ಲ ವಾರಸುದಾರರ ಪರವಾಗಿ ಪಡೆದಂತೆ. ನಿಮ್ಮ ಕಾಲು ಭಾಗವನ್ನು ನೀವು ಕೇಳಬೇಕಾದದ್ದು ಅವಳನ್ನೇ ಹೊರತು ಬ್ಯಾಂಕನ್ನಲ್ಲ. ಇದೇ ಮಾತು ನಿಮ್ಮ ವಿಮೆಗೂ ಅನ್ವಯವಾಗುತ್ತದೆ, ಇಲ್ಲಿ ನಿಮಗೆ ಇಷ್ಟವಾಗದ್ದನ್ನು ಹೇಳಬೇಕಾಗಿದೆ. 2015ರಲ್ಲಿ ವಿಮಾ ಕಾಯ್ದೆ ತಿದ್ದುಪಡಿಯಾದ ಮೇಲೆ ತಂದೆ, ತಾಯಿ, ಹೆಂಡತಿ, ಮಕ್ಕಳು ನಾಮಿನಿಯಾದರೆ ದುಡ್ಡು ಅವರದೇ ಅನ್ನುವ ವಾದ ಬಲವಾಗಿ ಬಂತು. ಆದರೆ ಮಗ ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿ, ಆಮೇಲೆ ಬದಲಿಸದೆ ತೀರಿಕೊಂಡ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2025ರಲ್ಲಿ ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಎಂದು ತೀರ್ಪು ಕೊಟ್ಟಿದೆ. ನಿಮ್ಮ ಕಥೆಗೆ ತುಂಬಾ ಹತ್ತಿರದ ಪ್ರಕರಣ ಇದು. ಆದ್ದರಿಂದ ವಿಮೆಯ ಹಣ ಬಂದರೆ ಖರ್ಚು ಮಾಡಬೇಡಿ, ಪ್ರತ್ಯೇಕ ಖಾತೆಯಲ್ಲಿಡಿ. ಮನೆಯಲ್ಲಿ ಪಾಲು ಕೇಳುವವರು ವಿಮೆಯಲ್ಲಿ ಪಾಲು ಕೊಡಲ್ಲ ಅಂದರೆ ಮಾತುಕತೆ ಅಲ್ಲಿಗೇ ಮುರಿಯುತ್ತದೆ. ಮಗ ಸರ್ಕಾರಿ ನೌಕರಿಯಲ್ಲಿದ್ದು ಕುಟುಂಬ ಪಿಂಚಣಿ ಬರುತ್ತಿದ್ದರೆ ಅದು ಆಸ್ತಿಯ ಲೆಕ್ಕಕ್ಕೆ ಬರುವುದಿಲ್ಲ, ನಿಯಮದ ಪ್ರಕಾರ ಮೊದಲ ಹಕ್ಕು ಸೊಸೆಗೇ.

ಹಕ್ಕಿದೆ ಅಂದ ಕೂಡಲೇ ಮನೆ ಮಾರಿ ಪಾಲು ಕೊಡಿ ಅಂತ ಹಟ ಹಿಡಿಯುವುದು ನನ್ನ ಪ್ರಕಾರ ಸರಿಯಲ್ಲ. ಆ ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಅದೂ ಅಲ್ಲದೆ ಅಪ್ರಾಪ್ತ ಮಕ್ಕಳ ಪಾಲನ್ನು ಮಾರಲು ತಾಯಿಯಾದವಳೂ ಕೋರ್ಟಿನ ಅನುಮತಿ ಪಡೆಯಬೇಕು. ನಿಮ್ಮ ಪಾಲನ್ನಷ್ಟೇ ನೀವು ಮಾರಹೊರಟರೂ ಕೊಳ್ಳುವ ಮೊದಲ ಅವಕಾಶ ಉಳಿದ ವಾರಸುದಾರರಿಗಿದೆ. ಮಾತು ಬಗೆಹರಿಯದೇ ಇದ್ದರೆ ವಿಭಾಗದ ದಾವೆ ಇದ್ದೇ ಇದೆ, ಆದರೆ ಅದು ವರ್ಷಗಟ್ಟಲೆ ಎಳೆಯುವ ದಾರಿ.

ಅದಕ್ಕಿಂತ ಕುಳಿತು ಮಾತಾಡಿ. ವಿಮೆ ಮತ್ತು ಠೇವಣಿಯಲ್ಲಿ ಜಾಸ್ತಿ ಭಾಗ ನಿಮಗೆ ಇರಲಿ, ಮನೆ ಸೊಸೆ ಮಕ್ಕಳಿಗೆ ಇರಲಿ ಅನ್ನುವಂಥ ಒಪ್ಪಂದ ಮಾಡಿಕೊಳ್ಳಬಹುದು. ಮಾಡಿಕೊಳ್ಳುವಾಗ ಮಕ್ಕಳ ಪಾಲು ಕಮ್ಮಿಯಾಗದ ಹಾಗೆ ಲೆಕ್ಕ ಹಾಕಿಸಿ. ಇಲ್ಲದಿದ್ದರೆ ಅವರು ದೊಡ್ಡವರಾದ ಮೇಲೆ ಪ್ರಶ್ನೆ ಮಾಡಬಹುದು. ಮನೆಯ ಪಾಲು ಬಿಟ್ಟುಕೊಡುವುದಾದರೆ ಅದು ನೋಂದಣಿಯಾದ ಹಕ್ಕು ಬಿಡುಗಡೆ ಪತ್ರದಿಂದಲೇ ಆಗಬೇಕು. ಬ್ಯಾಂಕಿಗೆ ಬೇಕು ಅಂತ ಯಾರಾದರೂ ಸ್ಟಾಂಪ್ ಪೇಪರಿಗೆ ಸಹಿ ಕೇಳಿದರೆ ಓದಿಸಿಕೊಳ್ಳದೆ ಹಾಕಬೇಡಿ. ಕೊನೇವರೆಗೂ ನೋಡಿಕೊಳ್ಳುತ್ತಾರೆ ಅನ್ನುವ ನಂಬಿಕೆಯ ಮೇಲೆ ಬಿಟ್ಟುಕೊಡುತ್ತಿದ್ದರೆ, ಆ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ನೋಡಿಕೊಳ್ಳದವರಿಗೆ ಕೊಟ್ಟ ಆಸ್ತಿಯನ್ನು ರದ್ದು ಮಾಡಿಸಲು ಅವಕಾಶವಿದೆ. ಆದರೆ ಷರತ್ತು ಕಾಗದದ ಮೇಲಿದ್ದರೇ ನಿಮ್ಮ ಕೈ ಬಲವಾಗಿರುತ್ತದೆ.

ಪಾಲು ಇಟ್ಟುಕೊಂಡರೆ ಅದು ಪೂರ್ತಿ ನಿಮ್ಮ ಸ್ವಂತದ್ದು, ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ಬರೆಯದೇ ಹೋದರೆ ನಿಮ್ಮ ನಂತರ ಆ ಪಾಲು ಯಜಮಾನರಿಗೆ, ಮಗಳಿಗೆ ಮತ್ತು ತೀರಿಕೊಂಡ ಮಗನ ಮಕ್ಕಳಿಗೆ ಮೂರು ಸಮಭಾಗವಾಗಿ ಹೋಗುತ್ತದೆ, ಮೂರನೆಯ ಭಾಗವನ್ನು ಮೊಮ್ಮಕ್ಕಳಿಬ್ಬರೂ ಹಂಚಿಕೊಳ್ಳಬೇಕು. ಸೊಸೆಗೆ ಅದರಲ್ಲಿ ಏನೂ ಇಲ್ಲ. ಪಾಲೆಲ್ಲ ಮೊಮ್ಮಕ್ಕಳಿಗೇ ಸೇರಲಿ ಅನ್ನುವುದು ನಿಮ್ಮ ಆಸೆಯಾಗಿದ್ದರೆ ಅದಕ್ಕೆ ವಿಲ್ ಬೇಕೇ ಬೇಕು.

ಈ ಅಂಕಣ ಓದುವ ಬೇರೆ ಧರ್ಮದವರಿಗೆ ಒಂದು ಮಾತು. ಮೇಲೆ ಹೇಳಿದ್ದು ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ. ಮುಸ್ಲಿಂ ಕಾನೂನಿನಲ್ಲಿ ಮಗನಿಗೆ ಮಕ್ಕಳಿದ್ದರೆ ತಾಯಿಗೆ ಆರನೇ ಒಂದು, ಹೆಂಡತಿಗೆ ಎಂಟನೇ ಒಂದು, ಅಂದರೆ ತಾಯಿಯದೇ ಜಾಸ್ತಿ. ಕ್ರೈಸ್ತರಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಮೂರನೇ ಒಂದು, ಉಳಿದದ್ದೆಲ್ಲ ಮಕ್ಕಳಿಗೆ, ತಾಯಿಗೆ ಏನೂ ಇಲ್ಲ.