ದಾನಿಗಳ ಪರಿಶೀಲನಾ ಸಭೆಯ ಮಿನಿಟ್ಸ್: ಖರ್ಚಾಗದ ಹಣವನ್ನು ಬರೆಯುವುದು ಹೇಗೆ?

"ದಾನಿ ಸಂಸ್ಥೆಯವರ ಜತೆ ಪರಿಶೀಲನಾ ಸಭೆ ಆಯಿತು, ಮಿನಿಟ್ಸ್ ನಾನು ಬರೆಯಬೇಕು. ಒಂದು ಬಾಬ್ತಿನಲ್ಲಿ ಶೇ. 40 ಹಣ ಉಳಿದಿದೆ. ಉಳಿತಾಯ ಅಂತ ಬರೆಯಬಹುದಾ?"

ಈಗಲೇ ಬರೆಯಬೇಡಿ. ಖರ್ಚಾಗದ ಹಣದಲ್ಲಿ ಮೂರು ಬಗೆ ಬೆರೆತಿರುತ್ತದೆ: ಕೆಲಸವೇ ಆಗದ್ದು, ಕೆಲಸ ಆಗಿ ಬಿಲ್ಲು ಪಾವತಿಯಾಗದ್ದು, ಕೆಲಸ ಕಡಿಮೆಗೆ ಮುಗಿದದ್ದು. ಮೂರನೆಯದು ಮಾತ್ರ ಉಳಿತಾಯ.

ನಾನು ಕಾಸರಗೋಡಿನ ಎಣ್ಮಕಜೆ ಕಡೆ ತೋಡುಗಳಿಗೆ ಕಟ್ಟ, ಅಂದರೆ ಹರಿವ ನೀರು ನಿಲ್ಲಿಸುವ ಒಡ್ಡು, ಹಾಕುವ ಒಂದು ಯೋಜನೆಯ ಲೆಕ್ಕ ನೋಡುತ್ತೇನೆ. ಅಂಕಿಗಳನ್ನು ದುಂಡು ಮಾಡಿ ಹೇಳುತ್ತೇನೆ. ಐದು ಕಟ್ಟಕ್ಕೆ ತಲಾ 80,000ದಂತೆ 4 ಲಕ್ಷ ಬಜೆಟ್. ಡಿಸೆಂಬರ್ ಕೊನೆಗೆ ಪುಸ್ತಕದಲ್ಲಿ 2,40,000 ಖರ್ಚು, ಅಂದರೆ ನಿಮ್ಮ ಹಾಗೆಯೇ ಶೇ. 40 ಬಾಕಿ. ಆದರೆ ನಾಲ್ಕು ಕಟ್ಟ ಮುಗಿದಿತ್ತು. ಜೆಸಿಬಿ, ಪ್ಲಾಸ್ಟಿಕ್ ಹಾಳೆ, ಕೂಲಿ ಸೇರಿ 95,000ದ ಬಿಲ್ಲು ಪಾವತಿಯಾಗದೆ ಫೈಲಿನಲ್ಲಿತ್ತು. ಅದನ್ನು ಸೇರಿಸಿದರೆ ನಾಲ್ಕಕ್ಕೆ ಆದದ್ದು 3,35,000. ಆಗಬೇಕಿದ್ದದ್ದು 3,20,000. ಮೇಲ್ನೋಟಕ್ಕೆ ಹಣ ಮಿಕ್ಕಿದ ಬಾಬ್ತಿನಲ್ಲಿ ನಿಜಕ್ಕೆ 15,000 ಹೆಚ್ಚು ಹೋಗಿತ್ತು. ಐದನೆಯದಕ್ಕೆ ಉಳಿದದ್ದು 65,000, ಅದೇ ದರದಲ್ಲಿ ಬೇಕಾದದ್ದು ಸುಮಾರು 84,000.

ಹಾಗಾಗಿ ವ್ಯತ್ಯಾಸವನ್ನು ಇಡೀ ಬಜೆಟ್ಟಿಗೆ ಹೋಲಿಸುವ ಮೊದಲು, ಆ ದಿನದವರೆಗೆ ಮುಗಿದ ಕೆಲಸದ ಬಜೆಟ್ಟಿಗೆ ಹೋಲಿಸಿ. ಕಾರಣದ ಕಾಲಂನಲ್ಲಿ "ಅನಿವಾರ್ಯ ಕಾರಣಗಳಿಂದ" ಅಂತ ಬರೆದರೆ ದಾನಿಗಳು ಮತ್ತೆ ಫೋನ್ ಮಾಡುತ್ತಾರೆ. ನಾವು ಬರೆದದ್ದು ಹೀಗೆ: "ನವೆಂಬರ್‌ನಲ್ಲೂ ಮಳೆ ಬಂದು ತೋಡಿನ ಹರಿವು ಇಳಿಯಲಿಲ್ಲ. ಎರಡು ಕಡೆ ಹಾಕಿದ ಮಣ್ಣು ಕೊಚ್ಚಿ ಹೋಗಿ ಕೂಲಿ ಹೆಚ್ಚಾಯಿತು."

ಮೈಲಿಗಲ್ಲುಗಳ ಭಾಗ ಸುಲಭ, ಆದರೂ "ಕಟ್ಟ ಪೂರ್ಣ" ಅಂದರೆ ಸಾಲದು. ನೀರು ನಿಂತ ಮೇಲೆ ತಾರೀಕು ಸಮೇತ ತೆಗೆದ ಫೋಟೊ, ಉಸ್ತುವಾರಿ ವಹಿಸಿಕೊಂಡ ಅಡಿಕೆ ತೋಟದವರ ಸಹಿ, ಇವು ಯಾವ ಫೈಲಿನಲ್ಲಿವೆ ಎಂದು ಅದೇ ಸಾಲಿನಲ್ಲಿ ಹೇಳಿ.

ಇನ್ನು ತಿದ್ದುಪಡಿ. "ಐದನೇ ಕಟ್ಟ ಬೇಗ ಮುಗಿಸುವುದು" ಅನ್ನುವುದು ನಿರ್ಧಾರವಲ್ಲ. ನಮ್ಮದು: "ತರಬೇತಿಗೆ ಶಾಲೆಯ ಹಾಲ್ ಬಾಡಿಗೆಯಿಲ್ಲದೆ ಸಿಕ್ಕಿ ಉಳಿದ ಹಣದಿಂದ 19,000 ಕಟ್ಟದ ಬಾಬ್ತಿಗೆ ವರ್ಗ. ಜನವರಿ 15ರೊಳಗೆ ಕೆಲಸ ಮುಗಿಸುವ ಹೊಣೆ ಕ್ಷೇತ್ರ ಸಂಯೋಜಕರದ್ದು. ತಪ್ಪಿದರೆ ಈ ವರ್ಷ ಕಟ್ಟ ಇಲ್ಲ, ಹಣ ದಾನಿಗೆ ವಾಪಸ್." ತೋಡು ಬತ್ತಿದ ಮೇಲೆ ಕಟ್ಟ ಹಾಕಿ ಪ್ರಯೋಜನವಿಲ್ಲ, ಅದಕ್ಕೇ ಆ ಕೊನೆಯ ವಾಕ್ಯ.

ವರ್ಗಾವಣೆಗೆ ಎಷ್ಟರವರೆಗೆ ಅನುಮತಿ ಬೇಡ ಎಂಬುದು ನಿಮ್ಮ ಒಪ್ಪಂದದಲ್ಲಿರುತ್ತದೆ, ನೋಡಿಕೊಳ್ಳಿ. ವಿದೇಶಿ ದೇಣಿಗೆಯಾದರೆ ಆಡಳಿತ ವೆಚ್ಚಕ್ಕೆ ಹಣ ತಿರುಗಿಸುವಾಗ ಜಾಗ್ರತೆ. 2020ರ ಎಫ್‌ಸಿಆರ್‌ಎ ತಿದ್ದುಪಡಿ ಆ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿದೆ. ಸಭೆಯಲ್ಲಿ ದಾನಿಗಳು ತಲೆಯಾಡಿಸಿದ್ದು ಆಡಿಟರಿಗೆ ಲೆಕ್ಕವಿಲ್ಲ. ಮಿನಿಟ್ಸ್ ಕಳಿಸಿ, ವರ್ಗಾವಣೆಗೆ ಒಪ್ಪಿಗೆಯಿದೆ ಎಂದು ಇಮೇಲ್‌ನಲ್ಲೇ ಉತ್ತರ ತರಿಸಿಕೊಂಡ ಮೇಲೆ ಹಣ ಮುಟ್ಟಿ.