ತಂಗಳು ಬಟಾಟೆ ಪಲ್ಯ ಬಿಸಿ ಮಾಡಿದರೆ ವಿಷವೇ?

ಪಾಲಕ್, ಬಟಾಟೆ, ಅಣಬೆ, ಮೊಟ್ಟೆ ಮತ್ತೆ ಬಿಸಿ ಮಾಡಿದರೆ ವಿಷ ಆಗುತ್ತದಂತೆ, ಹೌದಾ?

ಬಿಸಿ ಮಾಡಿದ್ದರಿಂದ ಯಾವುದೂ ವಿಷ ಆಗುವುದಿಲ್ಲ. ಅದಕ್ಕೆ ಮೊದಲು ಎಷ್ಟು ಹೊತ್ತು ಹೊರಗಿತ್ತು ಎಂದು ನೋಡಬೇಕು.

ಜಾಗ್ರತೆ ಹೆಚ್ಚು ಬೇಕಾದ್ದು ಬಟಾಟೆಗೆ. ಬೆಳಿಗ್ಗೆ ಮಸಾಲೆದೋಸೆಗೆ ಮಾಡಿದ ಪಲ್ಯ ಮಿಕ್ಕಿತು, ಮುಚ್ಚಳ ಹಾಕಿ ಅಲ್ಲೇ ಬಿಟ್ಟಿರಿ ಎನ್ನಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ನಮ್ಮ ಉಡುಪಿಯ ಸೆಖೆಯಲ್ಲಿ ಅವು ಮೊಳೆತು, ಬೆಳೆದು, ವಿಷ ಬಿಡಬಹುದು. ಸಂಜೆ ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಾಂತಿ ಬರಿಸುವ ಆ ವಿಷ ಮಾತ್ರ ಹಾಗೇ ಉಳಿಯುತ್ತದೆ. ಪಲ್ಯ ಹಳಸಿದ ವಾಸನೆ ಬರಲೇಬೇಕೆಂದೂ ಇಲ್ಲ, ಹಾಗಾಗಿ ಮೂಸಿ ನೋಡಿ ನಂಬಬೇಡಿ. ಎರಡು ಗಂಟೆಯೊಳಗೆ, ಮೇ ತಿಂಗಳ ಸೆಖೆಗಾದರೆ ಒಂದೇ ಗಂಟೆಯೊಳಗೆ, ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್ಜಿಗೆ ಸೇರಿಸಿ. ಮರುದಿನ ಚೆನ್ನಾಗಿ ಹಬೆಯಾಡುವಷ್ಟು ಬಿಸಿ ಮಾಡಿ ತಿನ್ನಬಹುದು.

ಅಣಬೆ, ಮೊಟ್ಟೆಗೂ ಇದೇ ಲೆಕ್ಕ. ಆದರೆ ಬೇಯಿಸಿದ ಇಡೀ ಮೊಟ್ಟೆಯನ್ನು ಮೈಕ್ರೋವೇವಿನಲ್ಲಿ ಇಡಬೇಡಿ, ಒಳಗಿನ ಹಬೆಗೆ ಸಿಡಿಯುತ್ತದೆ.

ಪಾಲಕ್, ಹರಿವೆಯ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಸೊಪ್ಪಿನಲ್ಲಿ ನೈಟ್ರೇಟ್ ಎಂಬ ಲವಣ ಇರುತ್ತದೆ. ಪದಾರ್ಥ ಹೊರಗೇ ಉಳಿದರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ರಕ್ತ ಆಮ್ಲಜನಕ ಒಯ್ಯುವುದಕ್ಕೆ ಅದು ಅಡ್ಡಿ. ದೊಡ್ಡವರಿಗೆ ಇದು ಲೆಕ್ಕಕ್ಕಿಲ್ಲ, ಆದರೆ ಹಸುಗೂಸಿಗೆ ತಂಗಳು ಸೊಪ್ಪು ಕೊಡಬೇಡಿ.